ಒಲಾಪರಿಬ್, ನಿರಾಪರಿಬ್, ಇಲ್ಲಾ ಬೆವಾಸಿಜುಮ್ಯಾಬ್ ಜೊತೆ ಒಲಾಪರಿಬ್: ಅಂಡಾಶಯದ ಕ್ಯಾನ್ಸರ್‌ನಲ್ಲಿ ಯಾರಿಗೆ ಯಾವುದು?

ಆಪರೇಷನ್ ಮುಗಿದಿದೆ, ಕೀಮೋದ ಆರು ಸೈಕಲ್ ಮುಗಿದಿದೆ, ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣುತ್ತಿಲ್ಲ. ಆಗ ಡಾಕ್ಟರು ಮೇಂಟೆನೆನ್ಸ್ ಮಾತ್ರೆಯ ಮಾತು ತೆಗೆಯುತ್ತಾರೆ. ಮೂರನೇ ಅಥವಾ ನಾಲ್ಕನೇ ಹಂತದಲ್ಲಿ ಪತ್ತೆಯಾದ ಅಂಡಾಶಯದ ಕ್ಯಾನ್ಸರ್ ಕೀಮೋಗೆ ಚೆನ್ನಾಗಿ ಬಗ್ಗಿದರೂ ಹೆಚ್ಚಿನವರಲ್ಲಿ ಮತ್ತೆ ಬರುತ್ತದೆ. ಹಾಗೆ ಬರುವುದನ್ನು ತಡೆಯುವುದು ಅಥವಾ ಆದಷ್ಟು ಮುಂದೂಡುವುದು ಈ ಮಾತ್ರೆಗಳ ಕೆಲಸ. ಇಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ: ಒಲಾಪರಿಬ್ ಒಂದೇ, ನಿರಾಪರಿಬ್ ಒಂದೇ, ಅಥವಾ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್ ಡ್ರಿಪ್ ಜೊತೆ ಒಲಾಪರಿಬ್. ನಾಲ್ಕನೆಯದೂ ಒಂದಿದೆ, ಒಲಾಪರಿಬ್, ನಿರಾಪರಿಬ್‌ನಂಥ ಪಾರ್ಪ್ ಮಾತ್ರೆ ಬೇಡವೇ ಬೇಡ ಎನ್ನುವುದು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

"ಇವುಗಳಲ್ಲಿ ಯಾವ ಮಾತ್ರೆ ಒಳ್ಳೇದು?" ಎಂದು ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು ಗಡ್ಡೆಯ ಬಗ್ಗೆ. ಅದಕ್ಕೆ ಡಿಎನ್‌ಎ ರಿಪೇರಿ ಮಾಡಿಕೊಳ್ಳಲು ಬರುತ್ತದಾ, ಇಲ್ವಾ? ಒಂದೇ ಮಾತ್ರೆ ಒಬ್ಬರಿಗೆ ನಾಲ್ಕು ವರ್ಷ ಕೊಡಬಹುದು, ಇನ್ನೊಬ್ಬರಿಗೆ ಮೂರು ತಿಂಗಳೂ ಕೊಡದೆ ಇರಬಹುದು. ಮಾತ್ರೆ ಮಾತ್ರೆಯ ನಡುವಿನ ವ್ಯತ್ಯಾಸ ಇಷ್ಟು ದೊಡ್ಡದಲ್ಲ.

ಮಾತ್ರೆ ಕೊಲ್ಲುವುದು ಹೇಗೆ

ಡಿಎನ್‌ಎಗೆ ಎರಡು ಎಳೆ. ಒಂದು ಎಳೆ ಮಾತ್ರ ತುಂಡಾಗುವುದು ಪ್ರತಿ ಜೀವಕೋಶದಲ್ಲೂ ದಿನಾ ನಡೆಯುವ ಸಂಗತಿ. ಆಗ ಪಾರ್ಪ್1 ಎಂಬ ಪ್ರೋಟೀನ್ ಆ ಜಾಗಕ್ಕೆ ಹೋಗಿ ಕೂರುತ್ತದೆ. ತನ್ನ ಮೈಮೇಲೆ ಒಂದು ಉದ್ದನೆಯ ಸರಪಳಿ ಬೆಳೆಸಿಕೊಂಡು, ರಿಪೇರಿ ಮಾಡುವ ಬೇರೆ ಪ್ರೋಟೀನ್‌ಗಳನ್ನು ಕರೆಯುತ್ತದೆ. ಅದೇ ಸರಪಳಿಯ ಋಣ ವಿದ್ಯುದಾವೇಶ ಡಿಎನ್‌ಎಯನ್ನು ದೂಡುವುದರಿಂದ ತಾನು ಡಿಎನ್‌ಎಯಿಂದ ಕಳಚಿಕೊಳ್ಳುತ್ತದೆ. ಪಾರ್ಪ್ ಇನ್ಹಿಬಿಟರ್ ಮಾತ್ರೆ ಈ ಸರಪಳಿ ಬೆಳೆಯದಂತೆ ತಡೆಯುತ್ತದೆ. ಪರಿಣಾಮ, ಪಾರ್ಪ್1 ಕೂತ ಜಾಗದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಜೀವಕೋಶ ಎರಡಾಗುವ ಮುಂಚೆ ಇಡೀ ಡಿಎನ್‌ಎ ನಕಲಾಗಬೇಕು. ನಕಲು ಮಾಡುತ್ತಾ ಬರುವ ಯಂತ್ರ ಹಳಿಯ ಮೇಲೆ ಬಂಡೆ ಕಂಡ ರೈಲಿನ ಹಾಗೆ ಈ ಸಿಕ್ಕಿಕೊಂಡ ಪಾರ್ಪ್‌ಗೆ ಡಿಕ್ಕಿ ಹೊಡೆಯುತ್ತದೆ, ಎರಡೂ ಎಳೆ ತುಂಡಾಗುತ್ತವೆ. ಇದು ದೊಡ್ಡ ಪೆಟ್ಟು. ಇದನ್ನು ತಪ್ಪಿಲ್ಲದೆ ಸರಿಪಡಿಸಲು ಒಂದೇ ವಿಧಾನವಿದೆ. ಪಕ್ಕದಲ್ಲಿರುವ ಜೋಡಿ ಪ್ರತಿಯನ್ನು ನೋಡಿಕೊಂಡು ತುಂಡಾದ ಕಡೆ ಮತ್ತೆ ಬರೆಯುವುದು. ಅದಕ್ಕೆ ಹೋಮೋಲಾಗಸ್ ರಿಕಾಂಬಿನೇಷನ್ ಎನ್ನುತ್ತಾರೆ. ಬಿಆರ್‌ಸಿಎ1, ಬಿಆರ್‌ಸಿಎ2 ಪ್ರೋಟೀನ್‌ಗಳಿಲ್ಲದೆ ಈ ಕೆಲಸ ಸಾಗುವುದಿಲ್ಲ.

ಬಿಆರ್‌ಸಿಎ ದೋಷ ಹುಟ್ಟಿನಿಂದ ಬಂದವರ ಎಲ್ಲ ಜೀವಕೋಶಗಳಲ್ಲೂ ಆ ಜೀನ್‌ನ ಒಂದು ಪ್ರತಿ ಕೆಟ್ಟಿರುತ್ತದೆ, ಇನ್ನೊಂದು ಚೆನ್ನಾಗಿರುತ್ತದೆ. ಆ ಒಂದು ಸಾಕು. ಗಡ್ಡೆಯಲ್ಲಿ ಮಾತ್ರ ಆ ಎರಡನೆಯದೂ ಕಳೆದುಹೋಗಿರುತ್ತದೆ. ಅಂದರೆ ಮಾತ್ರೆ ನುಂಗಿದಾಗ ದೇಹದ ಉಳಿದ ಜೀವಕೋಶಗಳು ತುಂಡಾದದ್ದನ್ನು ಸರಿಪಡಿಸಿಕೊಂಡು ಬದುಕುತ್ತವೆ, ಗಡ್ಡೆಯವು ಸಾಯುತ್ತವೆ. ಬಿಆರ್‌ಸಿಎ ಒಂದೇ ಹೋದರೆ ಸಾವಿಲ್ಲ, ಪಾರ್ಪ್ ಒಂದೇ ಹೋದರೆ ಸಾವಿಲ್ಲ, ಎರಡೂ ಒಟ್ಟಿಗೆ ಹೋದರೆ ಸಾವು. ಸಿಂಥೆಟಿಕ್ ಲೆಥಾಲಿಟಿ ಎಂದರೆ ಇಷ್ಟೇ. ಹಣ್ಣುನೊಣಗಳಲ್ಲಿ ಇಂಥದ್ದನ್ನು 1922ರಲ್ಲೇ ಕ್ಯಾಲ್ವಿನ್ ಬ್ರಿಡ್ಜಸ್ ಗಮನಿಸಿದ್ದರು. ಕ್ಯಾನ್ಸರ್ ಔಷಧಿಯಾಗಿ ಇದು ಕೆಲಸ ಮಾಡಬಹುದು ಎಂದು ಥಾಮಸ್ ಹೆಲ್ಲೆಡೇ ಮತ್ತು ಅಲನ್ ಆಶ್‌ವರ್ತ್ ಅವರ ತಂಡಗಳು ತೋರಿಸಿದ್ದು 2005ರಲ್ಲಿ.

ಸಿಕ್ಕಿಹಾಕಿಕೊಳ್ಳುವುದೇ ಮುಖ್ಯ ಎನ್ನಲು ಒಂದು ಚಂದದ ಸಾಕ್ಷಿ ಇದೆ. ಪಾರ್ಪ್1 ಅನ್ನೇ ಪೂರ್ತಿ ತೆಗೆದುಹಾಕಿದ ಜೀವಕೋಶಗಳಿಗೆ ಈ ಮಾತ್ರೆ ಕೊಟ್ಟರೆ ಅವು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಸಿಕ್ಕಿಕೊಳ್ಳಲು ಪಾರ್ಪ್ ಇಲ್ಲ, ಹಾಗಾಗಿ ಡಿಕ್ಕಿಯೂ ಇಲ್ಲ. ಹಾಗಾದರೆ ಪಾರ್ಪನ್ನು ಅತಿ ಗಟ್ಟಿಯಾಗಿ ಹಿಡಿಯುವ ಮಾತ್ರೆಯೇ ಅತ್ಯುತ್ತಮ ಅಲ್ವಾ ಎಂದು ಅನ್ನಿಸಬಹುದು. ಟಲಜೊಪರಿಬ್ ಹಾಗೆ ಹಿಡಿಯುವುದರಲ್ಲಿ ಎಲ್ಲರಿಗಿಂತ ಮುಂದೆ. ಆದರೆ ಅದು ಮೂಳೆಮಜ್ಜೆಯ ಜೀವಕೋಶಗಳಲ್ಲೂ ಅಷ್ಟೇ ಗಟ್ಟಿಯಾಗಿ ಹಿಡಿಯುತ್ತದೆ. ಅದಕ್ಕೇ ಸ್ತನ ಕ್ಯಾನ್ಸರ್‌ನಲ್ಲಿ ಅದರ ಡೋಸ್ ದಿನಕ್ಕೆ ಬರೀ 1 ಮಿಲಿಗ್ರಾಂ, ಒಲಾಪರಿಬ್‌ನದು 600. ಹಿಡಿತದ ಬಲ ನೋಡಿ ಮಾತ್ರೆ ಆರಿಸುವುದರಲ್ಲಿ ಅರ್ಥವಿಲ್ಲ.

ಮೊದಲು ಗಡ್ಡೆಯ ರಿಪೋರ್ಟ್

ಹೈ ಗ್ರೇಡ್ ಸೀರಸ್ ಎಂಬ ಬಗೆಯ ಅಂಡಾಶಯದ ಕ್ಯಾನ್ಸರ್ ಇರುವವರನ್ನು ಮೂರು ಗುಂಪು ಮಾಡಬಹುದು. ಹೆಚ್ಚೂಕಡಿಮೆ ಕಾಲು ಭಾಗ ಜನರ ಗಡ್ಡೆಯಲ್ಲಿ ಬಿಆರ್‌ಸಿಎ ದೋಷ ಇರುತ್ತದೆ. ಇನ್ನೊಂದು ಕಾಲು ಭಾಗದಲ್ಲಿ ಬಿಆರ್‌ಸಿಎ ಸರಿಯಿದ್ದರೂ ರಿಪೇರಿ ವ್ಯವಸ್ಥೆ ಬೇರೆ ಯಾವುದೋ ಕಾರಣಕ್ಕೆ ಕೆಟ್ಟಿರುತ್ತದೆ. ಇವೆರಡನ್ನೂ ಸೇರಿಸಿ ಎಚ್‌ಆರ್‌ಡಿ ಪಾಸಿಟಿವ್ ಎನ್ನುತ್ತಾರೆ. ಉಳಿದ ಅರ್ಧದಷ್ಟು ಜನ ಎಚ್‌ಆರ್‌ಡಿ ನೆಗೆಟಿವ್, ಅವರ ಗಡ್ಡೆಗೆ ರಿಪೇರಿ ಚೆನ್ನಾಗಿ ಬರುತ್ತದೆ.

ಟೆಸ್ಟ್ ವಿಷಯದಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಏನೆಂದರೆ, ರಕ್ತದ ಟೆಸ್ಟ್ ಮಾತ್ರ ಮಾಡಿಸಿ "ಬಿಆರ್‌ಸಿಎ ನೆಗೆಟಿವ್" ಎಂದು ಫೈಲ್ ಮುಚ್ಚುವುದು. ರಕ್ತದಲ್ಲಿ ಕಾಣುವುದು ಹುಟ್ಟಿನಿಂದ ಬಂದ ದೋಷ ಮಾತ್ರ. ಗಡ್ಡೆಯಲ್ಲೇ ಹೊಸದಾಗಿ ಆದ ಬಿಆರ್‌ಸಿಎ ದೋಷಕ್ಕೂ ಮಾತ್ರೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ಗಡ್ಡೆಯ ತುಣುಕನ್ನು ಪರೀಕ್ಷಿಸದೆ ಸಿಗುವುದಿಲ್ಲ. ಹಾಗಂತ ರಕ್ತದ ಟೆಸ್ಟ್ ಬೇಡ ಎಂದೂ ಅಲ್ಲ. ಮಕ್ಕಳಿಗೆ, ಅಕ್ಕತಂಗಿಯರಿಗೆ ಅಪಾಯ ಇದೆಯಾ ಎಂದು ಹೇಳುವುದು ಅದೇ.

ಗಡ್ಡೆಯ ಎಚ್‌ಆರ್‌ಡಿ ಟೆಸ್ಟ್ ನೋಡುವುದು ಹಳೇ ಗಾಯದ ಕಲೆಗಳನ್ನು. ರಿಪೇರಿ ಬಾರದ ಗಡ್ಡೆಯ ಕ್ರೋಮೋಸೋಮ್‌ಗಳಲ್ಲಿ ತುಂಡು ಕಳೆದುಹೋದ, ಅದಲುಬದಲಾದ ಗುರುತುಗಳು ಸೇರುತ್ತಾ ಹೋಗುತ್ತವೆ. ಅವನ್ನು ಎಣಿಸಿ ಒಂದು ಅಂಕ ಕೊಡುತ್ತಾರೆ. ದೊಡ್ಡ ಟ್ರಯಲ್‌ಗಳಲ್ಲಿ ಬಳಸಿದ ಟೆಸ್ಟ್‌ನಲ್ಲಿ 42 ಅಥವಾ ಜಾಸ್ತಿ ಬಂದರೆ ಪಾಸಿಟಿವ್. ಇಲ್ಲೊಂದು ಮಿತಿ ಇದೆ. ಗಾಯ ವಾಸಿಯಾದ ಮೇಲೂ ಕಲೆ ಉಳಿಯುತ್ತದೆ. ಗಡ್ಡೆ ಮಧ್ಯದಲ್ಲಿ ಎಲ್ಲೋ ರಿಪೇರಿ ಶಕ್ತಿ ಮರಳಿ ಪಡೆದಿದ್ದರೂ ಅಂಕ ಹಾಗೇ ಮೇಲಿರುತ್ತದೆ. ಆದ್ದರಿಂದ ಅಂಕದ ಜೊತೆ ಕೀಮೋಗೆ ಗಡ್ಡೆ ಹೇಗೆ ಬಗ್ಗಿತು ಎಂಬುದನ್ನೂ ನೋಡಬೇಕು. ಕೀಮೋದಲ್ಲಿ ಕೊಡುವ ಪ್ಲಾಟಿನಂ ಔಷಧಿ ಕಾರ್ಬೊಪ್ಲಾಟಿನ್ ಕೂಡ ಡಿಎನ್‌ಎಗೆ ಇದೇ ರಿಪೇರಿ ಬೇಡುವ ಪೆಟ್ಟು ಕೊಡುತ್ತದೆ. ಅದಕ್ಕೆ ಜಗ್ಗದ ಗಡ್ಡೆ ಪಾರ್ಪ್ ಮಾತ್ರೆಗೂ ಜಗ್ಗುವ ಸಂಭವ ಕಡಿಮೆ.

ಇನ್ನೊಂದು ತೊಂದರೆ ಮಾದರಿಯದು. ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಷನ್ ಮಾಡಿದರೆ, ತೆಗೆದ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಜೀವಕೋಶಗಳೇ ಕಡಿಮೆ ಇರುತ್ತವೆ. ಟೆಸ್ಟ್ ಫೇಲ್ ಆಗುತ್ತದೆ. ಇಂಥವರಲ್ಲಿ ಕೀಮೋಗೂ ಮುಂಚೆ ತೆಗೆದ ಬಯಾಪ್ಸಿಯ ಬ್ಲಾಕ್ ಕಳಿಸುವುದು ಮೇಲು. "ಫೇಲ್" ಎಂಬ ರಿಪೋರ್ಟನ್ನು "ನೆಗೆಟಿವ್" ಎಂದು ಓದಬಾರದು. ಹಾಗೆಯೇ "ಅರ್ಥ ಸ್ಪಷ್ಟವಿಲ್ಲದ ಬದಲಾವಣೆ" ಎಂದು ಬಂದದ್ದನ್ನು ಬಿಆರ್‌ಸಿಎ ದೋಷ ಎಂದು ಎಣಿಸಬಾರದು.

ಮೂರು ಟ್ರಯಲ್, ಮೂರು ಬೇರೆ ಜನ

ಒಲಾಪರಿಬ್ ಒಂದನ್ನೇ ಪರೀಕ್ಷಿಸಿದ್ದು ಸೋಲೋ-1. ಇದರಲ್ಲಿ ಇದ್ದವರೆಲ್ಲ ಬಿಆರ್‌ಸಿಎ ದೋಷ ಇದ್ದವರು, 391 ಜನ. ಎರಡು ವರ್ಷ ಮಾತ್ರೆ ಕೊಟ್ಟು ನಿಲ್ಲಿಸಿದರು. ಕಾಯಿಲೆ ಮತ್ತೆ ಮುಂದುವರಿಯುವ ತನಕದ ಮಧ್ಯಮ ಅವಧಿ ಡಮ್ಮಿ ಮಾತ್ರೆಯವರಲ್ಲಿ 13.8 ತಿಂಗಳು, ಒಲಾಪರಿಬ್‌ನವರಲ್ಲಿ 56 ತಿಂಗಳು. ಏಳು ವರ್ಷದ ಹೊತ್ತಿಗೆ ಬದುಕಿದ್ದವರು 67%, ಇನ್ನೊಂದು ಗುಂಪಿನಲ್ಲಿ 46.5%. ಮಾತ್ರೆ ನಿಲ್ಲಿಸಿ ಐದು ವರ್ಷವಾದ ಮೇಲೂ ಈ ಅಂತರ ಉಳಿದಿತ್ತು ಎಂಬುದನ್ನು ಗಮನಿಸಿ.

ನಿರಾಪರಿಬ್‌ನದು ಪ್ರೈಮಾ ಟ್ರಯಲ್. 733 ಜನ, ಗಡ್ಡೆ ಯಾವ ಗುಂಪಿನದಾದರೂ ಸೇರಿಸಿಕೊಂಡರು. ಮಾತ್ರೆ ಮೂರು ವರ್ಷ. ಎಚ್‌ಆರ್‌ಡಿ ಪಾಸಿಟಿವ್ ಇದ್ದವರಲ್ಲಿ ಆ ಅವಧಿ 10.4 ತಿಂಗಳಿಂದ 21.9ಕ್ಕೆ ಏರಿತು. ನೆಗೆಟಿವ್ ಇದ್ದವರಲ್ಲಿ 5.4ರಿಂದ 8.1ಕ್ಕೆ ಮಾತ್ರ. ಕೊನೆಗೆ ಒಟ್ಟು ಬದುಕಿದ ಕಾಲ ಅಳೆದಾಗ ನಿರಾಪರಿಬ್‌ನವರ ಮತ್ತು ಡಮ್ಮಿ ಮಾತ್ರೆಯವರ ನಡುವೆ ವ್ಯತ್ಯಾಸ ಕಾಣಲಿಲ್ಲ.

ಮೂರನೆಯದು ಪಾವೋಲಾ-1, 806 ಜನ. ಎಲ್ಲರಿಗೂ ಬೆವಾಸಿಜುಮ್ಯಾಬ್ ಇತ್ತು, ಅದರ ಮೇಲೆ ಒಲಾಪರಿಬ್ ಸೇರಿಸಿದರೆ ಲಾಭವೇ ಎಂದು ನೋಡಿದರು. ಎಚ್‌ಆರ್‌ಡಿ ಪಾಸಿಟಿವ್‌ನಲ್ಲಿ 17.7 ತಿಂಗಳು 37.2 ಆಯಿತು, ಐದು ವರ್ಷಕ್ಕೆ ಬದುಕಿದ್ದವರು 48.4%ರಿಂದ 65.5%. ನೆಗೆಟಿವ್‌ನಲ್ಲಿ ಒಲಾಪರಿಬ್ ಸೇರಿಸಿದ್ದರಿಂದ ಏನೂ ಆಗಲಿಲ್ಲ.

ಇಷ್ಟು ಓದಿದವರು ತಕ್ಷಣ ಮಾಡುವ ಲೆಕ್ಕ ಒಂದಿದೆ. ಬಿಆರ್‌ಸಿಎ ದೋಷ ಇದ್ದವರಿಗೆ ಒಲಾಪರಿಬ್‌ನಲ್ಲಿ 56 ತಿಂಗಳು, ಪ್ರೈಮಾದಲ್ಲಿ ಅಂಥವರಿಗೇ ನಿರಾಪರಿಬ್‌ನಲ್ಲಿ 22. ಅಂದಮೇಲೆ ಒಲಾಪರಿಬ್ ಎರಡೂವರೆ ಪಟ್ಟು ಮೇಲು! ಈ ಲೆಕ್ಕ ತಪ್ಪು. ಸೋಲೋ-1ಕ್ಕೆ ಬಂದವರಲ್ಲಿ ಹೆಚ್ಚಿನವರ ಗಡ್ಡೆಯನ್ನು ಆಪರೇಷನ್‌ನಲ್ಲಿ ಕಣ್ಣಿಗೆ ಕಾಣುವಷ್ಟೂ ತೆಗೆದಿದ್ದರು. ಪ್ರೈಮಾ ಬೇಕೆಂದೇ ಅಪಾಯ ಜಾಸ್ತಿ ಇರುವವರನ್ನು ಆರಿಸಿತ್ತು: ನಾಲ್ಕನೇ ಹಂತದವರು, ಗಡ್ಡೆ ಉಳಿದುಹೋದವರು, ಮೊದಲೇ ಕೀಮೋ ಬೇಕಾದವರು. ಬಿಆರ್‌ಸಿಎ ದೋಷ ಇದ್ದವರ ಡಮ್ಮಿ ಗುಂಪುಗಳನ್ನೇ ಹೋಲಿಸಿ ನೋಡಿ, ಅಲ್ಲಿ 13.8 ತಿಂಗಳು, ಇಲ್ಲಿ 10.9. ಶುರುವಾತೇ ಬೇರೆ. ಆಯಾ ಟ್ರಯಲ್‌ನ ಒಳಗೇ ಅಪಾಯ ಎಷ್ಟು ಇಳಿಯಿತು ಎಂದು ನೋಡಿದರೆ ಒಲಾಪರಿಬ್‌ನಲ್ಲಿ 70%, ನಿರಾಪರಿಬ್‌ನಲ್ಲಿ 60%. ಅಂತರ ಅಷ್ಟಕ್ಕೆ ಇಳಿಯುತ್ತದೆ, ಮತ್ತು ಅದರಲ್ಲೂ ಎಷ್ಟು ಮಾತ್ರೆಯದು, ಎಷ್ಟು ಜನರದು ಎಂದು ಬಿಡಿಸಲಾಗದು.

ಪಾವೋಲಾದಲ್ಲೂ ಒಂದು ಕೊರತೆ ಇದೆ. ಒಲಾಪರಿಬ್ ಒಂದನ್ನೇ ಪಡೆದ ಗುಂಪು ಅದರಲ್ಲಿ ಇರಲೇ ಇಲ್ಲ. ಹಾಗಾಗಿ ಬೆವಾಸಿಜುಮ್ಯಾಬ್ ಮೇಲೆ ಒಲಾಪರಿಬ್ ಏನು ಸೇರಿಸುತ್ತದೆ ಎಂದು ಗೊತ್ತಾಯಿತೇ ಹೊರತು, ಒಲಾಪರಿಬ್ ಮೇಲೆ ಬೆವಾಸಿಜುಮ್ಯಾಬ್ ಏನು ಸೇರಿಸುತ್ತದೆ ಎಂಬುದಕ್ಕೆ ಈ ಟ್ರಯಲ್‌ನಲ್ಲಿ ಉತ್ತರವಿಲ್ಲ.

ಇದೆಲ್ಲ ಸೇರಿಸಿ ನಾನು ನೋಡುವುದು ಹೀಗೆ. ಬಿಆರ್‌ಸಿಎ ದೋಷ ಇದ್ದರೆ ಒಲಾಪರಿಬ್ ಮುಂದಿದೆ, ಏಳು ವರ್ಷದ ಲೆಕ್ಕ ಅದರ ಬೆನ್ನಿಗಿದೆ. ಬಿಆರ್‌ಸಿಎ ಸರಿಯಿದ್ದು ಎಚ್‌ಆರ್‌ಡಿ ಪಾಸಿಟಿವ್ ಆದರೆ, ಬೆವಾಸಿಜುಮ್ಯಾಬ್-ಒಲಾಪರಿಬ್ ಜೋಡಿ ಅಥವಾ ನಿರಾಪರಿಬ್, ಇವೆರಡರಲ್ಲಿ ದೇಹ ಯಾವುದನ್ನು ತಾಳಿಕೊಳ್ಳುತ್ತದೆ ಎಂಬುದರ ಮೇಲೆ ತೀರ್ಮಾನ. ಎಚ್‌ಆರ್‌ಡಿ ನೆಗೆಟಿವ್ ಆದರೆ ಪಾರ್ಪ್ ಮಾತ್ರೆಯ ಪರವಾಗಿ ಹೇಳಲು ಜಾಸ್ತಿ ಇಲ್ಲ. ಮೂರು ತಿಂಗಳೂ ಇಲ್ಲದ ಲಾಭಕ್ಕೆ ವರ್ಷಗಟ್ಟಲೆ ರಕ್ತಪರೀಕ್ಷೆ, ಸುಸ್ತು, ಖರ್ಚು ಬೇಕಾ ಎಂದು ಡಾಕ್ಟರ ಹತ್ತಿರ ನೇರವಾಗಿ ಕೇಳಬೇಕು. ಅಂಥವರಲ್ಲಿ ಬೆವಾಸಿಜುಮ್ಯಾಬ್ ಒಂದೇ ಮುಂದುವರಿಸುವುದು, ಅಥವಾ ಸುಮ್ನೆ ಕಣ್ಣಿಟ್ಟು ಕಾಯುವುದು, ಎರಡೂ ಒಪ್ಪುವ ದಾರಿಗಳೇ.

ರುಕಾಪರಿಬ್ ಎಂಬ ಇನ್ನೊಂದು ಮಾತ್ರೆಯೂ ಇದೆ. ಫಲ ಇವುಗಳ ಸಾಲಿನದೇ. ಲಿವರ್ ಕಿಣ್ವಗಳನ್ನು ಏರಿಸುತ್ತದೆ, ಬಿಸಿಲಿಗೆ ಚರ್ಮ ಬೇಗ ಸುಡುವಂತೆ ಮಾಡುತ್ತದೆ.

ದೇಹಕ್ಕೆ ಯಾವುದು ಒಗ್ಗುತ್ತದೆ

ಪಾರ್ಪ್ ಮಾತ್ರೆಗಳೆಲ್ಲ ರಕ್ತದ ಎಣಿಕೆಯನ್ನು ಇಳಿಸುತ್ತವೆ, ಆದರೆ ಒಂದೊಂದರ ಗುರಿ ಒಂದೊಂದು. ಒಲಾಪರಿಬ್‌ನಲ್ಲಿ ಮುಖ್ಯವಾಗಿ ಹಿಮೋಗ್ಲೋಬಿನ್ ಇಳಿಯುತ್ತದೆ, ಶುರುವಿನ ವಾರಗಳಲ್ಲಿ ವಾಕರಿಕೆ ಕಾಡುತ್ತದೆ. ಬೆಳಿಗ್ಗೆ 300, ರಾತ್ರಿ 300 ಮಿಲಿಗ್ರಾಂ. ಇದು ಲಿವರ್‌ನ ಸಿವೈಪಿ3ಎ ಎಂಬ ಕಿಣ್ವದ ಮೂಲಕ ಕರಗುತ್ತದೆ. ಹಾಗಾಗಿ ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಜೊತೆ ಡೋಸನ್ನು ದಿನಕ್ಕೆರಡು ಸಲ 150ಕ್ಕೂ, ಇಟ್ರಾಕೊನಜೋಲ್ ಅಥವಾ ಕ್ಲಾರಿತ್ರೋಮೈಸಿನ್ ಜೊತೆ 100ಕ್ಕೂ ಇಳಿಸಬೇಕಾಗುತ್ತದೆ. ಟಿಬಿಯ ರಿಫಾಂಪಿಸಿನ್ ಉಲ್ಟಾ, ಒಲಾಪರಿಬ್ ರಕ್ತದಲ್ಲಿ ನಿಲ್ಲದಂತೆ ಮಾಡುತ್ತದೆ. ನಿರಾಪರಿಬ್‌ಗೆ ಈ ರಗಳೆ ಕಡಿಮೆ. ದಿನಕ್ಕೊಂದೇ ಸಲ ನುಂಗಿದರಾಯಿತು. ಆದರೆ ಪ್ಲೇಟ್‌ಲೆಟ್ ಬೀಳಿಸುತ್ತದೆ, ಬಿಪಿ ಏರಿಸುತ್ತದೆ. ಬೆವಾಸಿಜುಮ್ಯಾಬ್ ಕೂಡ ಬಿಪಿ ಏರಿಸುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗಿಸುತ್ತದೆ, ಗಾಯ ಮಾಗುವುದನ್ನು ತಡಮಾಡುತ್ತದೆ. ಅಪರೂಪಕ್ಕೆ ಕರುಳಲ್ಲಿ ತೂತೂ ಆಗುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. 58 ವರ್ಷದ ಒಬ್ಬರು, ತೂಕ 52 ಕಿಲೋ. ಮೂರನೇ ಹಂತ, ಮೂರು ಕೀಮೋ ಆದಮೇಲೆ ಆಪರೇಷನ್. ಆಗ ಕರುಳಿನ ಒಂದು ತುಂಡು ತೆಗೆದು ಹೊಲಿದಿದ್ದಾರೆ. ರಕ್ತದಲ್ಲಿ ಬಿಆರ್‌ಸಿಎ ದೋಷ ಇಲ್ಲ, ಮೊದಲ ಬಯಾಪ್ಸಿಯ ಗಡ್ಡೆಯಲ್ಲೂ ಇಲ್ಲ, ಆದರೆ ಎಚ್‌ಆರ್‌ಡಿ ಅಂಕ 51. ಎಂದರೆ ಮಧ್ಯದ ಗುಂಪು. ಜೋಡಿ ಔಷಧಿಯ ಅಂಕಿ ಚೆನ್ನಾಗಿದೆ, ಆದರೆ ಕರುಳಿಗೆ ಹೊಲಿಗೆ ಬಿದ್ದವರಲ್ಲಿ ಬೆವಾಸಿಜುಮ್ಯಾಬ್ ಕೊಡಲು ಡಾಕ್ಟರು ಹಿಂಜರಿಯುತ್ತಾರೆ. ಬಿಪಿ ಸರಿಯಿದೆ. ನಿರಾಪರಿಬ್ ಕಡೆ ತಕ್ಕಡಿ ವಾಲುತ್ತದೆ.

ಡೋಸ್ ಎಷ್ಟು? ಪೂರ್ತಿ ಡೋಸ್ 300 ಮಿಲಿಗ್ರಾಂ. ಆದರೆ ತೂಕ 77 ಕಿಲೋಗಿಂತ ಕಡಿಮೆ ಇದ್ದರೆ, ಅಥವಾ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆ ಇದ್ದರೆ 200ರಿಂದ ಶುರು. ಇವರ ಪ್ಲೇಟ್‌ಲೆಟ್ 1.4 ಲಕ್ಷ, ಎರಡೂ ಕಾರಣಕ್ಕೆ 200. ಮೊದಲ ತಿಂಗಳು ವಾರಕ್ಕೊಮ್ಮೆ ರಕ್ತಪರೀಕ್ಷೆ. ಮೂರನೇ ವಾರ ಪ್ಲೇಟ್‌ಲೆಟ್ 68,000ಕ್ಕೆ ಇಳಿಯಿತು ಎಂದುಕೊಳ್ಳಿ. ಒಂದು ಲಕ್ಷಕ್ಕಿಂತ ಕೆಳಗೆ ಬಂದರೆ ಮಾತ್ರೆ ನಿಲ್ಲಿಸಬೇಕು, ಮತ್ತೆ ಒಂದು ಲಕ್ಷ ದಾಟುವ ತನಕ ಕಾಯಬೇಕು, ಗರಿಷ್ಠ 28 ದಿನ. 75,000ಕ್ಕಿಂತಲೂ ಕೆಳಗೆ ಹೋಗಿದ್ದರಿಂದ ಹಳೇ ಡೋಸ್‌ಗೆ ಮರಳುವ ಹಾಗಿಲ್ಲ. ಎರಡು ವಾರ ಬಿಟ್ಟು 1.18 ಲಕ್ಷ ಬಂದಾಗ 100 ಮಿಲಿಗ್ರಾಂನಿಂದ ಮತ್ತೆ ಶುರು. ಇಲ್ಲಿ ಅನೇಕರಿಗೆ ಭಯವಾಗುತ್ತದೆ, ಡೋಸ್ ಇಳಿದರೆ ಮಾತ್ರೆ ಕೆಲಸ ಮಾಡುತ್ತದಾ ಎಂದು. ನಿರಾಪರಿಬ್‌ನ ಹಿಂದಿನ ಟ್ರಯಲ್ ಒಂದರಲ್ಲಿ ಡೋಸ್ ಇಳಿಸಿಕೊಂಡವರನ್ನು ಬೇರೆಯಾಗಿ ನೋಡಿದಾಗ ಫಲ ಕುಂದಿದ್ದು ಕಾಣಲಿಲ್ಲ. ಪ್ಲೇಟ್‌ಲೆಟ್ ಬೀಳುವುದು ಹೆಚ್ಚಾಗಿ ಮೊದಲ ತಿಂಗಳಲ್ಲೇ. ಅದನ್ನು ದಾಟಿದವರು ಸಾಮಾನ್ಯವಾಗಿ ತಮಗೆ ಒಗ್ಗುವ ಡೋಸ್‌ನಲ್ಲಿ ನೆಲೆ ನಿಲ್ಲುತ್ತಾರೆ.

ರಿಪೋರ್ಟ್ ದಾರಿ ತಪ್ಪಿಸುವ ಕಡೆ

ಒಲಾಪರಿಬ್, ರುಕಾಪರಿಬ್ ತೆಗೆದುಕೊಳ್ಳುವವರಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದು ಮಾಮೂಲು. ಕಿಡ್ನಿ ಕೆಟ್ಟಿತು ಎಂದು ಗಾಬರಿಯಾಗುವ ಮುಂಚೆ ಇದು ತಿಳಿದಿರಲಿ: ಕಿಡ್ನಿ ಕ್ರಿಯಾಟಿನಿನ್ ಹೊರಹಾಕುವ ಬಾಗಿಲನ್ನು ಮಾತ್ರೆ ಅಡ್ಡಗಟ್ಟುತ್ತದೆ, ಸೋಸುವ ಕೆಲಸ ಸರಿಯಾಗೇ ನಡೆದಿರಬಹುದು. ಅನುಮಾನ ಇದ್ದರೆ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ಒಲಾಪರಿಬ್‌ನಲ್ಲಿ ಕೆಂಪು ರಕ್ತಕಣಗಳ ಗಾತ್ರ ದೊಡ್ಡದಾಗುವುದೂ ಸಾಮಾನ್ಯ, ಅದು ಯಾವಾಗಲೂ ಬಿ12 ಕೊರತೆ ಅಲ್ಲ.

ನಿಜಕ್ಕೂ ಹೆದರಬೇಕಾದ್ದು ಬೇರೆ. ಮಾತ್ರೆ ನಿಲ್ಲಿಸಿ ನಾಲ್ಕು ವಾರವಾದರೂ ರಕ್ತದ ಎಣಿಕೆ ಮೇಲೇಳದಿದ್ದರೆ ಮೂಳೆಮಜ್ಜೆ ಪರೀಕ್ಷೆ ಆಗಲೇಬೇಕು. ಎಂಡಿಎಸ್ ಅಥವಾ ಎಎಂಎಲ್ ಎಂಬ ರಕ್ತದ ಕ್ಯಾನ್ಸರ್ ಶುರುವಾಗಿರಬಹುದು. ಮೊದಲ ಸುತ್ತಿನಲ್ಲೇ ಮಾತ್ರೆ ಪಡೆದ ಸೋಲೋ-1ರಲ್ಲಿ ಇದು ಸುಮಾರು 1.5% ಜನರಿಗೆ ಬಂತು. ಕಾಯಿಲೆ ಮರಳಿದ ಮೇಲೆ, ಹಲವು ಸುತ್ತು ಕೀಮೋ ಆದಮೇಲೆ ಒಲಾಪರಿಬ್ ಪಡೆದ ಸೋಲೋ-2ರಲ್ಲಿ 8%. "ಈಗ ಬೇಡ, ಕಾಯಿಲೆ ಮತ್ತೆ ಬಂದರೆ ನೋಡೋಣ" ಎಂದು ಬಿಆರ್‌ಸಿಎ ದೋಷ ಇರುವವರು ಮುಂದೂಡುವುದು ನನಗೆ ಒಳ್ಳೆಯ ಲೆಕ್ಕ ಅನ್ನಿಸದಿರಲು ಇದೂ ಒಂದು ಕಾರಣ.

ಮತ್ತೆ ಬಂದರೆ

ಗಡ್ಡೆ ತಪ್ಪಿಸಿಕೊಳ್ಳುವ ಮುಖ್ಯ ದಾರಿ ಬೆರಗು ಹುಟ್ಟಿಸುವಂಥದ್ದು. ಜೀನ್‌ನ ಅಕ್ಷರಗಳನ್ನು ಜೀವಕೋಶ ಮೂರು ಮೂರಾಗಿ ಓದುತ್ತದೆ. ಬಿಆರ್‌ಸಿಎ1ರಲ್ಲಿ ಎರಡು ಅಕ್ಷರ ಬಿಟ್ಟುಹೋದ ಒಂದು ದೋಷ ಚೆನ್ನಾಗಿ ಗೊತ್ತಿರುವಂಥದ್ದು. ಎರಡು ಬಿಟ್ಟುಹೋದರೆ ಮುಂದಿನ ಓದೆಲ್ಲ ಹಳಿ ತಪ್ಪಿ ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲೇ ಹತ್ತಿರದಲ್ಲಿ ಇನ್ನೊಂದು ಅಕ್ಷರ ಆಕಸ್ಮಿಕವಾಗಿ ಬಿಟ್ಟುಹೋದ ಒಂದು ಜೀವಕೋಶ ಇದೆ ಎಂದುಕೊಳ್ಳಿ. ಈಗ ಒಟ್ಟು ಮೂರು, ಓದು ಮತ್ತೆ ಸರಿಹೋಯಿತು. ಪ್ರೋಟೀನ್ ತುಸು ಕುಂಟುತ್ತದೆ, ಆದರೆ ರಿಪೇರಿ ಮಾಡುತ್ತದೆ. ಮಾತ್ರೆ ಉಳಿದವನ್ನೆಲ್ಲ ಕೊಂದಾಗ ಉಳಿದು ಬೆಳೆಯುವುದು ಈ ಜೀವಕೋಶದ ಸಂತತಿ. ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಪರೀಕ್ಷಿಸಿದರೆ ಇಂಥ ಮರುಬದಲಾವಣೆ ಕೆಲವೊಮ್ಮೆ ಸಿಗುತ್ತದೆ. ಸಿಕ್ಕರೆ ಕಾರ್ಬೊಪ್ಲಾಟಿನ್ ಕೂಡ ಮೊದಲಿನಷ್ಟು ಕೆಲಸ ಮಾಡಲಿಕ್ಕಿಲ್ಲ.

ಹಾಗಾಗಿ ಕಾಯಿಲೆ ಮರಳಿದಾಗ ಕೇಳಬೇಕಾದದ್ದು, ಅದು ಮಾತ್ರೆ ನುಂಗುತ್ತಿದ್ದಾಗಲೇ ಬಂತೋ, ಎರಡು ವರ್ಷ ಮುಗಿಸಿ ನಿಲ್ಲಿಸಿ ಬಹಳ ದಿನವಾದ ಮೇಲೆ ಬಂತೋ ಎಂದು. ನುಂಗುತ್ತಿದ್ದಾಗಲೇ ಬಂದರೆ ಒಲಾಪರಿಬ್ ಬಿಟ್ಟು ನಿರಾಪರಿಬ್‌ಗೆ ಹೋಗುವುದರಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ, ಎರಡೂ ಒಂದೇ ಬಾಗಿಲು ತಟ್ಟುತ್ತವೆ. ನಿಲ್ಲಿಸಿದ ಮೇಲೆ ಬಂದು, ಪ್ಲಾಟಿನಂ ಕೀಮೋಗೆ ಗಡ್ಡೆ ಮತ್ತೆ ಕುಗ್ಗಿದರೆ ಎರಡನೇ ಸಲ ಮಾತ್ರೆ ಪ್ರಯತ್ನಿಸಬಹುದು. ಆದರೆ ನಿರೀಕ್ಷೆ ಚಿಕ್ಕದಿರಲಿ. ಮೊದಲೇ ಪಾರ್ಪ್ ಮಾತ್ರೆ ಪಡೆದವರಿಗೆ ಮತ್ತೆ ಒಲಾಪರಿಬ್ ಕೊಟ್ಟು ನೋಡಿದ ಓರಿಯೊ ಟ್ರಯಲ್‌ನಲ್ಲಿ, ಬಿಆರ್‌ಸಿಎ ದೋಷ ಇದ್ದವರಿಗೆ ಸಿಕ್ಕ ಅವಧಿ 4.3 ತಿಂಗಳು, ಡಮ್ಮಿ ಮಾತ್ರೆಯವರಿಗೆ 2.8.